ಮಗನಿಗೆ ಎಂಟು ವರ್ಷ, ಬಿಎಂಐ 22. ಚಾರ್ಟಿನಲ್ಲಿ ನಾರ್ಮಲ್ ಅಂತಿದೆ, ಡಾಕ್ಟರು ಬೊಜ್ಜು ಅಂತಾರೆ. ಯಾವುದು ಸರಿ?

ಡಾಕ್ಟರು ಹೇಳಿದ್ದೇ ಸರಿ. ನೀವು ನೋಡಿದ್ದು ದೊಡ್ಡವರ ಚಾರ್ಟ್ ಇರಬೇಕು. ಮಕ್ಕಳ ಬಿಎಂಐ ವಯಸ್ಸಿನೊಂದಿಗೆ ಬದಲಾಗುತ್ತದೆ, ಹಾಗಾಗಿ ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಸೆಂಟೈಲ್ ಗೆರೆಗೆ, ಅಂದರೆ ನೂರು ಮಕ್ಕಳಲ್ಲಿ ಇವನು ಎಷ್ಟನೆಯವನು ಎಂದು ತೋರಿಸುವ ಗೆರೆಗೆ, ಹೋಲಿಸಬೇಕು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ಚಾರ್ಟು 5ರಿಂದ 18 ವರ್ಷದವರಿಗೆ ಇದೆ. ಅದರಲ್ಲಿ '23ಕ್ಕೆ ಸಮ', ಅಂದರೆ ದೊಡ್ಡವರ ಬಿಎಂಐ 23ಕ್ಕೆ ಆ ವಯಸ್ಸಿನಲ್ಲಿ ಸಮನಾದ ಗೆರೆ ದಾಟಿದರೆ ಅಧಿಕ ತೂಕ, '27ಕ್ಕೆ ಸಮ' ಎಂಬುದನ್ನು ದಾಟಿದರೆ ಬೊಜ್ಜು. ಎಂಟರ ಹುಡುಗನಿಗೆ 22 ಎಂದರೆ ಮೇಲಿನ ಗೆರೆಯನ್ನೂ ದಾಟಿದಂತೆ.

ಎತ್ತರವನ್ನು ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆಯಿರಿ. 128 ಸೆಂ.ಮೀ., 36 ಕೆ.ಜಿ. ಆದರೆ ಬಿಎಂಐ 22. ಅದೇ ಎತ್ತರವನ್ನು 126 ಎಂದು ಬರೆದುಕೊಂಡರೆ 22.7 ಆಗಿಬಿಡುತ್ತದೆ.

ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ತೂಕ ಇಳಿಸುವ ಹಟ ಬೇಡ, ಏರದಂತೆ ನೋಡಿಕೊಂಡರೆ ಸಾಕು. ವರ್ಷದಲ್ಲಿ 6 ಸೆಂ.ಮೀ. ಬೆಳೆದು ತೂಕ 36ರಲ್ಲೇ ನಿಂತರೆ ಬಿಎಂಐ ಸುಮಾರು 20ಕ್ಕೆ ಬರುತ್ತದೆ. ಎತ್ತರದ ಬೆಳವಣಿಗೆಯೇ ಕುಂಠಿತವಾಗಿದ್ದರೆ ಮಾತ್ರ ಹಾರ್ಮೋನ್ ಪರೀಕ್ಷೆಯ ಬಗ್ಗೆ ಕೇಳಿ.

'ಜಂಕ್ ಬಿಡು' ಎಂಬುದು ಗುರಿಯಲ್ಲ, ಅದನ್ನು ಲೆಕ್ಕ ಇಡಲಾಗದು. 'ಸೋಮವಾರದಿಂದ ಶುಕ್ರವಾರ ಶಾಲೆಯಿಂದ ಬಂದಾಗ ಜ್ಯೂಸ್ ಬದಲು ಮಜ್ಜಿಗೆ' ಎಂಬುದು ಗುರಿ. ಎರಡು ವಾರ ಅದೊಂದೇ ಸಾಕು. ಐದರಲ್ಲಿ ನಾಲ್ಕು ದಿನ ನಡೆದರೆ ಮುಂದಿನದು, ಟಿವಿ ಆರಿಸಿ ಊಟ. ಅಪ್ಪ ಪಕ್ಕದಲ್ಲಿ ಕೂತು ಚಿಪ್ಸ್ ತಿನ್ನುತ್ತಿದ್ದರೆ ಇದು ಮೂರೇ ದಿನಕ್ಕೆ ಮುರಿಯುತ್ತದೆ. ಪ್ಯಾಕೆಟ್ಟನ್ನು ಮನೆಗೇ ತರಬೇಡಿ.