ತಪ್ಪು ಆಯ್ಕೆಗಳು ಎಲ್ಲಿಂದ ಬರಬೇಕು?

ಪ್ರಶ್ನೆ: ಹತ್ತನೇ ತರಗತಿ ವಿಜ್ಞಾನದ 'ವಿದ್ಯುಚ್ಛಕ್ತಿ' ಪಾಠಕ್ಕೆ ಬಹು ಆಯ್ಕೆ ಪ್ರಶ್ನೆ ಮಾಡ್ತಾ ಇದ್ದೀನಿ. ಸರಿ ಉತ್ತರ ಬರೆಯೋದು ಸುಲಭ. ಉಳಿದ ಮೂರನ್ನು ಮಕ್ಕಳು ನೋಡಿದ ತಕ್ಷಣ ಬಿಟ್ಟುಬಿಡ್ತಾರೆ. ನಿಜ ಅನ್ನಿಸುವಂಥ ತಪ್ಪು ಉತ್ತರ ಎಲ್ಲಿಂದ ತರೋದು?

ಮಕ್ಕಳ ನೋಟ್‌ಬುಕ್ಕಿನಿಂದಲೇ ತನ್ನಿ. ಪಾಠ ಎಷ್ಟು ಸಲ ಓದಿದರೂ ಅದರಲ್ಲಿ ಸರಿಯಾದದ್ದಷ್ಟೇ ಸಿಗುತ್ತದೆ. ನಾನು ಮೊದಲು ಅದೇ ಲೆಕ್ಕವನ್ನು ಆಯ್ಕೆಗಳಿಲ್ಲದೆ ತರಗತಿಯಲ್ಲಿ ಕೊಡುತ್ತೇನೆ. ಬಂದ ತಪ್ಪು ಉತ್ತರಗಳನ್ನು ಬರೆದುಕೊಂಡು, ಪ್ರತಿಯೊಂದರ ಪಕ್ಕ ಮಗು ಅಲ್ಲಿಗೆ ಹೇಗೆ ತಲುಪಿತು ಅಂತ ಗುರುತು ಹಾಕುತ್ತೇನೆ.

ಉದಾಹರಣೆಗೆ, 4 ಓಮ್ ಮತ್ತು 12 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? 1/4 + 1/12 ಅಂದರೆ 1/3. ಅದನ್ನು ತಿರುವಿದರೆ 3 ಓಮ್. ಸರಣಿ ಜೋಡಣೆ ಅಂದುಕೊಂಡು ಸುಮ್ನೆ ಕೂಡಿದವರಿಗೆ 16 ಬರುತ್ತದೆ. ಕೊನೆಯಲ್ಲಿ ತಿರುವಲು ಮರೆತವರಿಗೆ 1/3. ಭಿನ್ನರಾಶಿ ಕೂಡುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/16 ಮಾಡಿದವರಿಗೆ 8. ಮೂರು ಆಯ್ಕೆಗಳೂ ಸಿಕ್ಕವು. ಯಾವುದನ್ನೂ ನಾವು ಊಹಿಸಿ ಹಾಕಿದ್ದಲ್ಲ. ಇದರ ಬದಲು 5, 7, 20 ಅಂತ ಹಾಕಿದ್ದರೆ, ತಪ್ಪು ಲೆಕ್ಕ ಮಾಡಿದ ಮಗುವಿಗೂ ತನ್ನ ಉತ್ತರ ಪಟ್ಟಿಯಲ್ಲಿ ಇಲ್ಲ ಅಂತ ಗೊತ್ತಾಗಿಬಿಡುತ್ತದೆ. ಅದು ಮತ್ತೆ ಲೆಕ್ಕ ಮಾಡುತ್ತದೆ, ಇಲ್ಲವೇ ಅಂದಾಜಿನಲ್ಲಿ ಒಂದನ್ನು ಆರಿಸುತ್ತದೆ. ಎರಡರಲ್ಲೂ ಅದು ಎಲ್ಲಿ ಎಡವಿತು ಅಂತ ನಮಗೆ ತಿಳಿಯುವುದಿಲ್ಲ.

8ರ ಬಗ್ಗೆ ಇನ್ನೂ ಒಂದು ಮಾತು. ಸಮಾಂತರ ಅಂದರೆ ಸರಾಸರಿ ಅಂದುಕೊಂಡ ಮಗುವಿಗೂ 8 ಬರುತ್ತದೆ. ಸಂಖ್ಯೆ ಬದಲಿಸಿ ಈ ಎರಡು ತಪ್ಪುಗಳನ್ನು ಬೇರೆ ಮಾಡೋಣ ಅಂದರೆ ಆಗುವುದಿಲ್ಲ. 1/a + 1/b ಅನ್ನು 2/(a+b) ಅಂತ ಮಾಡಿ ತಿರುವಿದರೆ ಬರುವುದು ಸರಾಸರಿಯೇ. ಯಾವ ಸಂಖ್ಯೆ ಕೊಟ್ಟರೂ ಅಷ್ಟೇ. ಆದರೆ ಒಬ್ಬನಿಗೆ ಭಿನ್ನರಾಶಿ ಹೇಳಿಕೊಡಬೇಕು, ಇನ್ನೊಬ್ಬನಿಗೆ ವಿದ್ಯುತ್ ಮಂಡಲ ಹೇಳಿಕೊಡಬೇಕು. ಅದಕ್ಕೇ ಇಂಥ ಪ್ರಶ್ನೆಗೆ ಪಕ್ಕದಲ್ಲಿ ರಫ್ ಲೆಕ್ಕ ಮಾಡಲು ಜಾಗ ಬಿಡಿ, ಅದನ್ನೂ ನೋಡಿ.

ಸಂಖ್ಯೆ ಆರಿಸುವಾಗ ಪ್ರತಿ ತಪ್ಪು ದಾರಿಯಲ್ಲೂ ಒಮ್ಮೆ ನಡೆದು ನೋಡಬೇಕು. 2 ಓಮ್, 2 ಓಮ್ ಕೊಟ್ಟರೆ ಏನಾಗುತ್ತದೆ? 1/2 + 1/2 = 1. ತಿರುವಿದರೂ 1, ತಿರುವದಿದ್ದರೂ 1. ತಿರುವಲು ಮರೆತ ಮಗುವಿಗೂ ಪೂರ್ತಿ ಅಂಕ! ಸುಲಭ ಇರಲಿ ಅಂತ ಚಿಕ್ಕ ಸಂಖ್ಯೆ ಹಾಕುವಾಗ ಇದು ಜಾಸ್ತಿ ಆಗುತ್ತದೆ.

ಲೆಕ್ಕವಿಲ್ಲದ ಪ್ರಶ್ನೆಗಳಿಗೆ ಮಕ್ಕಳ ಮಾತು ಕೇಳಬೇಕು. ಸರಣಿಯಲ್ಲಿರುವ ಎರಡು ಒಂದೇ ಥರದ ಬಲ್ಬುಗಳಿಗೆ ಮೊದಲು ಇಟ್ಟ ಅಮ್ಮೀಟರ್ 0.5 ಆಂಪಿಯರ್ ತೋರಿಸುತ್ತಿದೆ. ಎರಡು ಬಲ್ಬುಗಳ ನಡುವೆ ಇಟ್ಟರೆ ಎಷ್ಟು ತೋರಿಸುತ್ತದೆ? ಉತ್ತರ 0.5. 'ಮೊದಲ ಬಲ್ಬು ಸ್ವಲ್ಪ ಕರೆಂಟ್ ತಿಂದಿರುತ್ತೆ ಅಲ್ವಾ' ಅನ್ನುವ ಮಗು 0.25 ಆರಿಸುತ್ತದೆ. ಇಲ್ಲಿ '0.25' ಮತ್ತು '0.5ಕ್ಕಿಂತ ಕಡಿಮೆ' ಎರಡನ್ನೂ ಹಾಕಬೇಡಿ. ಮೊದಲನೆಯದು ಸರಿಯಾದರೆ ಎರಡನೆಯದೂ ಸರಿಯಾಗಲೇಬೇಕು. ಹಾಗಾಗಿ 0.25 ಉತ್ತರ ಆಗಿರಲಾರದು ಅಂತ ಚುರುಕು ಮಗು ವಿಜ್ಞಾನದ ಗೊಡವೆಯೇ ಇಲ್ಲದೆ ಬಿಟ್ಟುಬಿಡುತ್ತದೆ. ನಾಲ್ಕನೆಯ ಆಯ್ಕೆ ಹೊಳೆಯದಿದ್ದರೆ ಕ್ಲಾಸ್ ಟೆಸ್ಟಿನಲ್ಲಿ ಮೂರೇ ಇರಲಿ. ಯಾರೂ ಆರಿಸದ ಆಯ್ಕೆ ಜಾಗ ತುಂಬಿಸುತ್ತದೆ ಅಷ್ಟೇ.

ಸರಿ ಉತ್ತರ ಮಾತ್ರ ಪುಸ್ತಕದ ವಾಕ್ಯದಂತೆ ಉದ್ದವಾಗಿ, ಉಳಿದವು ಎರಡೆರಡು ಪದಗಳಾಗಿ ಇದ್ದರೂ ಗುಟ್ಟು ಬಯಲಾಗುತ್ತದೆ. ನಾಲ್ಕನ್ನೂ ನಿಮ್ಮ ಮಾತಿನಲ್ಲೇ ಬರೆಯಿರಿ.

ಟೆಸ್ಟ್ ಆದ ಮೇಲೆ ಯಾರು ಯಾವುದನ್ನು ಆರಿಸಿದರು ಅಂತ ಎಣಿಸಿ. ಚೆನ್ನಾಗಿ ಓದುವ ಮಕ್ಕಳೇ ಒಂದು ತಪ್ಪು ಆಯ್ಕೆಗೆ ಹೋಗಿದ್ದರೆ ಮೊದಲು ಪ್ರಶ್ನೆಯನ್ನೇ ಅನುಮಾನಿಸಿ. 'ಒಂದೇ ಥರದ ಎರಡು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದಾಗ ಎರಡಕ್ಕೂ ಸಮನಾಗಿರುವುದು ಯಾವುದು?' ಅಂತ ಕೇಳಿ, ವೋಲ್ಟೇಜ್ ಸರಿ, ವಿದ್ಯುತ್ ಪ್ರವಾಹ ತಪ್ಪು ಅಂತ ಇಟ್ಟರೆ ಮಕ್ಕಳಿಗೆ ಅನ್ಯಾಯ. ಬಲ್ಬುಗಳು ಒಂದೇ ಥರ ಇದ್ದಾಗ ಪ್ರವಾಹವೂ ಸಮ. 'ಬೇರೆ ಬೇರೆ ರೋಧವಿರುವ ಎರಡು ಬಲ್ಬು' ಅಂತ ತಿದ್ದಿ. ಆಗ ಪ್ರವಾಹ ನಿಜಕ್ಕೂ ತಪ್ಪು ಉತ್ತರವಾಗುತ್ತದೆ.