ಟೆಲಿಸ್ಕ್ರೀನ್ ಮತ್ತು ಒಂದು ಧೂಳಿನ ಕಣ

“ಸಿಡ್ನಿಯಲ್ಲಿ ಹನ್ನೆರಡನೆಯ ತರಗತಿ ಓದುತ್ತಿರುವ ನನ್ನ ಮಗಳಿಗೆ ಎಚ್‌ಎಸ್‌ಸಿ ಪರೀಕ್ಷೆಯ ಇಂಗ್ಲಿಷಿಗೆ ಜಾರ್ಜ್ ಆರ್ವೆಲ್‌ನ ‘ನೈನ್‌ಟೀನ್ ಎಯ್ಟಿ-ಫೋರ್’ ಪಠ್ಯವಾಗಿದೆ. ಅವಳ ಪ್ರಬಂಧದ ಅಂಚಿನಲ್ಲಿ ಶಿಕ್ಷಕಿ ‘ಕಣ್ಗಾವಲನ್ನು ವರ್ಣಿಸಿದ್ದೀಯೆ, ಕಾದಂಬರಿ ಅದನ್ನು ವಿಮರ್ಶಿಸುವ ಬಗೆ ಎಲ್ಲಿ?’ ಎಂದು ಬರೆದಿದ್ದಾರೆ. ಇವೆರಡೂ ಬೇರೆ ಬೇರೆಯೇ?”
– ಓದುಗರೊಬ್ಬರು, ಸಿಡ್ನಿ

ಮಾನ್ಯರೇ,

ಬೇರೆಯೇ; ಶಿಕ್ಷಕಿ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ಕಾದಂಬರಿಯ ನಾಯಕ ವಿನ್‌ಸ್ಟನ್ ಸ್ಮಿತ್‌ನ ಮನೆಯ ಟೆಲಿಸ್ಕ್ರೀನ್ ನೋಡುತ್ತದೆ, ಕೇಳಿಸಿಕೊಳ್ಳುತ್ತದೆ, ಅದರ ದನಿ ತಗ್ಗಿಸಬಹುದೇ ಹೊರತು ಪೂರ್ತಿ ಆರಿಸಲಾಗದು ಎಂದು ಬರೆದರೆ ಅದು ವರ್ಣನೆ. ಆದರೆ ಯಾವ ಗಳಿಗೆಯಲ್ಲಿ ತನ್ನನ್ನು ನೋಡುತ್ತಿದ್ದಾರೆಂದು ತಿಳಿಯುವ ದಾರಿ ಅವನಿಗಿಲ್ಲ. ಆದ್ದರಿಂದ ಪರದೆಯತ್ತ ತಿರುಗುವ ಮೊದಲೇ ಅವನು ಮುಖದ ಮೇಲೆ ಶಾಂತವಾದ ಆಶಾಭಾವವೊಂದನ್ನು ಧರಿಸಿಕೊಳ್ಳುತ್ತಾನೆ. ಆಚೆ ಬದಿಯಲ್ಲಿ ಯಾರೂ ಕೂತಿರದಿದ್ದರೂ ಪ್ರಭುತ್ವದ ಕೆಲಸ ಆಗಿಹೋಯಿತು, ಮಾಡಿಕೊಟ್ಟವನು ಸ್ವತಃ ಅವನೇ. ವಿಮರ್ಶೆ ಶುರುವಾಗುವುದು ಇಲ್ಲಿಂದ.

ಇನ್ನೂ ಒಳ್ಳೆಯ ಉದಾಹರಣೆ ಒಂದು ಧೂಳಿನ ಕಣ. ಮೊದಲ ಭಾಗದ ಎರಡನೆಯ ಅಧ್ಯಾಯದ ಕೊನೆಯಲ್ಲಿ ವಿನ್‌ಸ್ಟನ್ ಗುಟ್ಟಾಗಿ ಬರೆಯುವ ದಿನಚರಿಯನ್ನು ಖಾನೆಯಲ್ಲಿಟ್ಟು, ಯಾರಾದರೂ ಮುಟ್ಟಿದರೆ ತಿಳಿಯಲೆಂದು ರಟ್ಟಿನ ಮೂಲೆಯಲ್ಲಿ ಬಿಳಿಯ ಧೂಳಿನ ಕಣವೊಂದನ್ನು ಇಡುತ್ತಾನೆ. ಮೂರನೆಯ ಭಾಗದಲ್ಲಿ, ಎಲ್ಲ ಮುಗಿದ ಮೇಲೆ, ಮನಸ್ಸಿನ ಯೋಚನೆಯನ್ನೇ ಅಪರಾಧವೆಂದು ಹಿಡಿಯುವ ಥಾಟ್ ಪೊಲೀಸರು ಏಳು ವರ್ಷಗಳಿಂದ ತನ್ನನ್ನು ಗಮನಿಸುತ್ತಿದ್ದರೆಂದೂ ಆ ಕಣವನ್ನು ಸಹ ಜೋಪಾನವಾಗಿ ಇದ್ದಲ್ಲೇ ಇಟ್ಟಿದ್ದರೆಂದೂ ಅವನಿಗೆ ಅರಿವಾಗುತ್ತದೆ. ನಿರೂಪಣೆ ‘ನಾನು’ ಎಂದಲ್ಲದೆ ‘ಅವನು’ ಎಂದು ಸಾಗಿದರೂ ನಮಗೆ ಕಾಣುವುದು ಅವನಿಗೆ ಕಂಡಷ್ಟೇ; ಹಾಗಾಗಿ ಆ ಕಣವನ್ನು ಅವನ ಜೊತೆ ನಾವೂ ನಂಬಿ ಹೆಚ್ಚುಕಡಿಮೆ ಇಡೀ ಪುಸ್ತಕ ಓದಿರುತ್ತೇವೆ. ಮೋಸಹೋದವರಲ್ಲಿ ಓದುಗರೂ ಸೇರುವಂತೆ ಕಥೆ ಕಟ್ಟಿರುವುದೇ ಆರ್ವೆಲ್‌ನ ತಂತ್ರ. ನಿಮ್ಮ ಮಗಳು ಆ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಒಂದು ಪ್ಯಾರಾ ಬರೆಯಲಿ. ಟೆಲಿಸ್ಕ್ರೀನಿನ ಬಗ್ಗೆ ಮೂರು ಪುಟ ಬರೆಯುವುದಕ್ಕಿಂತ ಅದು ಮೇಲು.

ಕಥೆ ನಡೆಯುವ ದೇಶವಾದ “ಓಷಿಯಾನಿಯಾದಲ್ಲಿ ಎಲ್ಲರ ಮೇಲೂ ಕಣ್ಣಿದೆ” ಎಂದು ಮಾತ್ರ ಬರೆಯದಿರಲಿ. ಜನಸಂಖ್ಯೆಯ ಶೇ. 85ರಷ್ಟಿರುವ ಪ್ರೋಲ್‌ಗಳಲ್ಲಿ, ಅಂದರೆ ದುಡಿಯುವ ವರ್ಗದವರಲ್ಲಿ, ಬಹುಪಾಲು ಜನರ ಮನೆಗಳಲ್ಲಿ ಟೆಲಿಸ್ಕ್ರೀನೇ ಇಲ್ಲ. ಆಳುವ ಪಕ್ಷದ ಕಣ್ಣು ಹೆಚ್ಚಾಗಿ ತನ್ನದೇ ಸದಸ್ಯರ ಮೇಲೆ.

ಈ ಪಠ್ಯವನ್ನು ಅಲ್ಲಿ ‘ಟೆಕ್ಸ್ಟ್ಸ್ ಆ್ಯಂಡ್ ಹ್ಯೂಮನ್ ಎಕ್ಸ್‌ಪೀರಿಯನ್ಸಸ್’ ಎಂಬ ಘಟಕದಡಿ ಇಟ್ಟಿರುವುದರಿಂದ ವಿನ್‌ಸ್ಟನ್‌ನ ನೆರೆಯವನಾದ ಪಾರ್ಸನ್ಸ್‌ನ ಪ್ರಸಂಗವನ್ನೂ ಬಿಡಬಾರದು. ಅವನನ್ನು ಹಿಡಿದುಕೊಟ್ಟದ್ದು ಯಾವ ಯಂತ್ರವೂ ಅಲ್ಲ. ಅಪ್ಪ ನಿದ್ದೆಯಲ್ಲಿ ಪಕ್ಷದ ನಾಯಕ ಬಿಗ್ ಬ್ರದರ್‌ಗೆ ಧಿಕ್ಕಾರ ಹೇಳಿದ್ದನ್ನು ಏಳು ವರ್ಷದ ಮಗಳು ಬೀಗದ ಕಿಂಡಿಗೆ ಕಿವಿಯಿಟ್ಟು ಕೇಳಿ, ಮರುದಿನವೇ ದೂರು ಕೊಡುತ್ತಾಳೆ. ಸೆರೆಮನೆಯಲ್ಲಿ ಕೂತ ಅಪ್ಪ ಅವಳ ಮೇಲೆ ಸಿಟ್ಟಾಗುವುದಿಲ್ಲ; ಚೂಟಿ ಹುಡುಗಿ ಎಂದು ಹೆಮ್ಮೆಪಡುತ್ತಾನೆ.

– ಸಂಪಾದಕ