ಸೆಕೆಂಡ್ ಹ್ಯಾಂಡ್ ಸ್ಕೂಟರ್: ಸಾಲ ತೀರಿದೆ ಅಂದ್ರೆ ಸಾಕೇ?

ಪ್ರಶ್ನೆ: 2021ರ ಸ್ಕೂಟರ್ ಒಬ್ಬರಿಂದ ನೇರವಾಗಿ ತಗೋತಿದ್ದೀನಿ. ಲೋನ್ ಮುಗಿದಿದೆ ಅಂತಾರೆ. ಯಾವ ಕಾಗದ ನೋಡಬೇಕು?

ಉತ್ತರ: ಕಂತು ಮುಗಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಸಾಲ ಕೊಟ್ಟವರ ಹೆಸರು ಇನ್ನೂ ಕಾಣಿಸುತ್ತಿದ್ದರೆ ಮಾರುವವರು ಬ್ಯಾಂಕಿನಿಂದ ಸಾಲ ಬಾಕಿ ಇಲ್ಲವೆಂಬ ಎನ್‌ಒಸಿ ಮತ್ತು ಬ್ಯಾಂಕಿನವರೂ ಸಹಿ ಮಾಡಿದ ಫಾರ್ಮ್ 35 ತಂದು ಆರ್‌ಟಿಒದಲ್ಲಿ ಹೆಸರು ತೆಗೆಸಬೇಕು. ಎನ್‌ಒಸಿ ಮೇಲಿನ ತಾರೀಕು ಗಮನಿಸಿ, ಸಾಮಾನ್ಯವಾಗಿ ಮೂರು ತಿಂಗಳಷ್ಟೇ ಅದಕ್ಕೆ ಬೆಲೆ. ಹಳೆಯದಾಗಿದ್ದರೆ ಹೊಸದು ತರಿಸಿ. ಅಲ್ಲಿಯವರೆಗೆ ಪೂರ್ತಿ ಹಣ ಕೊಡಬೇಡಿ.

ಆರ್‌ಸಿಯ ಚಾಸಿ, ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ಕೊರೆದಿರುವುದರ ಜತೆ ಒಂದೊಂದೇ ಅಂಕಿ ಹೋಲಿಸಿ. ಉಜ್ಜಿದ ಗುರುತಿದ್ದರೆ ವ್ಯವಹಾರವೇ ಬೇಡ. ಮಾರುವವರ ಹೆಸರು ಆರ್‌ಸಿಯಲ್ಲಿ ಇಲ್ಲದಿದ್ದರೆ, ಅಂದರೆ ಅವರೂ ಯಾರಿಂದಲೋ ಕೊಂಡು ಹೆಸರು ಬದಲಿಸಿಕೊಂಡಿಲ್ಲದಿದ್ದರೆ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಹಳೆಯ ಮಾಲೀಕರ ಸಹಿಯೇ ಬೇಕು.

ವಿಮೆಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಎರಡಕ್ಕೆ 25%, ಮೂರಕ್ಕೆ 35%. ಪ್ರತಿವರ್ಷ ನವೀಕರಿಸಿದ ಗಾಡಿಗೆ ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬಹುದು, ಏನು ರಿಪೇರಿ ಅಂತ ಕೇಳಿ. ಬರೀ ಥರ್ಡ್ ಪಾರ್ಟಿ ವಿಮೆಯಾದರೆ ಈ ಸುಳಿವು ಸಿಗುವುದಿಲ್ಲ. ಆ ಬೋನಸ್ ಮಾರಿದವರದ್ದೇ, ನಿಮಗೆ ಬರುವುದಿಲ್ಲ. ಗಾಡಿ ಕೈಸೇರಿದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ವಿಮಾ ಕಂಪನಿಗೆ ಅರ್ಜಿ ಕೊಡಿ.